ಫ್ಯಾನ್ ಐದಕ್ಕೆ ಇಟ್ಟರೆ ನಡುಗುತ್ತಿದ್ದ ಪ್ರೊಜೆಕ್ಟರ್

"ನಮ್ಮ ಪ್ರೊಜೆಕ್ಟರ್‌ಗೆ ಚಳಿ ಬಂದಿದೆ, ಬಂದು ನೋಡ್ತೀರಾ ಸರ್?" ಅಂತ ಶಿವಮೊಗ್ಗ ಕಡೆಯ ಒಂದು ಸಂಘದ ಕಾರ್ಯದರ್ಶಿಗಳು ಫೋನ್ ಮಾಡಿದ್ದರು. ತಮಾಷೆ ಅಂದುಕೊಂಡೆ. ಹೋಗಿ ನೋಡಿದರೆ ನಿಜವಾಗಿಯೂ ಚಳಿಯೇ. ಫ್ಯಾನ್ ಆರಿಸಿದರೆ ಪರದೆ ಮೇಲಿನ ಅಕ್ಷರ ಕಲ್ಲಿನಲ್ಲಿ ಕೆತ್ತಿದ ಹಾಗೆ ನಿಲ್ಲುತ್ತದೆ, ರೆಗ್ಯುಲೇಟರ್ ಮೂರಕ್ಕೆ ಇಟ್ಟರೂ ಪರವಾಗಿಲ್ಲ, ಐದಕ್ಕೆ ತಿರುಗಿಸಿದ ತಕ್ಷಣ ಒಂದೊಂದು ಅಕ್ಷರವೂ ಎರಡೆರಡಾಗಿ ಕಾಣುತ್ತದೆ. ಜೊತೆಗೆ ಚಿತ್ರದ ಬಲಗಡೆ ತಗ್ಗಾಗಿತ್ತು. "ಹಾಕಿದಾಗ ಸರಿಯಾಗೇ ಇತ್ತು ಸರ್, ಬರ್ತಾ ಬರ್ತಾ ವಾಲಿದೆ" ಅಂದರು.

ಆ ಕೊನೆಯ ಮಾತು ಕೇಳಿ ನನಗೆ ಸ್ವಲ್ಪ ಭಯವಾಯಿತು. ನಡುಕ ಬರೀ ಕಿರಿಕಿರಿ. ಬರ್ತಾ ಬರ್ತಾ ವಾಲುವುದು ಅಂದರೆ ಮೇಲೆ ಏನೋ ಕಳಚಿಕೊಳ್ಳುತ್ತಿದೆ ಅಂತ ಅರ್ಥ. ಪ್ರೊಜೆಕ್ಟರ್ ಕೆಳಗೆ ಎರಡು ಸಾಲು ಕುರ್ಚಿ ಇದ್ದವು. ಮೊದಲು ಅವನ್ನು ಸರಿಸಿಸಿದೆ.

ಮೊದಲು ಅಳತೆ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಕೋಣೆ 9 ಮೀಟರ್ ಉದ್ದ, 6 ಮೀಟರ್ ಅಗಲ. ನೆಲದಿಂದ ಸ್ಲ್ಯಾಬ್‌ಗೆ 3.5 ಮೀಟರ್. ಫಾಲ್ಸ್ ಸೀಲಿಂಗ್ ಇಲ್ಲ, ಗಾರೆ ಮಾಡಿ ಸುಣ್ಣ ಬಳಿದ ಆರ್‌ಸಿಸಿ ಅಷ್ಟೆ. ಪರದೆ 120 ಇಂಚಿನದು, ಅಂದರೆ ಚಿತ್ರದ ಅಗಲ 2.66 ಮೀಟರ್, ಎತ್ತರ ಸುಮಾರು 1.5 ಮೀಟರ್. ಪ್ರೊಜೆಕ್ಟರ್ ತೂಕ 7 ಕೆಜಿ ಮೇಲೆ ಸ್ವಲ್ಪ, ಬ್ರ್ಯಾಕೆಟ್ ಮತ್ತು ರಾಡ್ ಎಲ್ಲ ಸೇರಿ 11 ಕೆಜಿ. ಸ್ಲ್ಯಾಬ್‌ನಿಂದ ನಾಲ್ಕು ಥ್ರೆಡ್ ರಾಡ್, ಎಲ್ಲವೂ ಎಂಟು ಎಂಎಂ, ಸುಮಾರು 400 ಮಿಲಿಮೀಟರ್ ಕೆಳಗೆ ಇಳಿದು ಒಂದು ಚೌಕದ ಪ್ಲೇಟನ್ನು ಹಿಡಿದಿವೆ. ರಾಡ್‌ನಿಂದ ರಾಡ್‌ಗೆ 250 ಮಿಲಿಮೀಟರ್. ಪ್ಲೇಟಿನ ಕೆಳಗೆ ಬ್ರ್ಯಾಕೆಟ್, ಬ್ರ್ಯಾಕೆಟ್‌ಗೆ ತಲೆಕೆಳಗಾಗಿ ಪ್ರೊಜೆಕ್ಟರ್. ಅದರಿಂದ ಒಂದೂವರೆ ಮೀಟರ್ ಆಚೆ ಫ್ಯಾನ್.

ಇಂಥ ವ್ಯವಸ್ಥೆ ನೋಡಿದರೆ ಯಾರಿಗಾದರೂ ಮೊದಲು ಬರುವ ಯೋಚನೆ, ರಾಡ್ ಗಿಡ್ಡ ಮಾಡಿದರೆ ನಡುಕ ನಿಲ್ಲುತ್ತದಲ್ವಾ ಅಂತ. ಕಾರ್ಯದರ್ಶಿಗಳೂ ಅದನ್ನೇ ಕೇಳಿದರು. ನಿಲ್ಲುತ್ತದೆ, ಸುಳ್ಳಲ್ಲ. ಆದರೆ ಈ ಪ್ರೊಜೆಕ್ಟರ್‌ನಲ್ಲಿ ಲೆನ್ಸನ್ನು ಮೇಲೆ ಕೆಳಗೆ ಸರಿಸುವ ಸೌಲಭ್ಯ ಇಲ್ಲ. ತಲೆಕೆಳಗೆ ಕಟ್ಟಿದಾಗ ಚಿತ್ರದ ಮೇಲಂಚು ಲೆನ್ಸ್‌ಗಿಂತ ಚಿತ್ರದ ಎತ್ತರದ ನೂರಕ್ಕೆ 16ರಷ್ಟು ಕೆಳಗೆ ಬೀಳುತ್ತದೆ, ಅಂದರೆ ಇಲ್ಲಿ 240 ಮಿಲಿಮೀಟರ್. ಪರದೆಯಲ್ಲಿ ಚಿತ್ರದ ಮೇಲಂಚು ನೆಲದಿಂದ 2700. ಹಾಗಾಗಿ ಲೆನ್ಸ್ 2940ರಲ್ಲೇ ಇರಬೇಕು. ಬ್ರ್ಯಾಕೆಟ್ಟಿನ ಮತ್ತು ಪ್ರೊಜೆಕ್ಟರಿನ ದಪ್ಪ 160 ಸೇರಿಸಿದರೆ ಪ್ಲೇಟ್ 3100ಕ್ಕೆ ಬರುತ್ತದೆ, ಸ್ಲ್ಯಾಬ್‌ನಿಂದ ಸರಿಯಾಗಿ 400 ಕೆಳಗೆ. ಮೇಲೆ ಏರಿಸಿದರೆ ಪ್ರೊಜೆಕ್ಟರನ್ನು ಮೂತಿ ತಗ್ಗಿಸಿ ಇಡಬೇಕು, ಆಗ ಚಿತ್ರ ಮೊರದ ಆಕಾರಕ್ಕೆ ತಿರುಗುತ್ತದೆ, ಅದನ್ನು ಸರಿಮಾಡಲು ಕೀಸ್ಟೋನ್ ಹಾಕಬೇಕು, ಕೀಸ್ಟೋನ್ ಹಾಕಿದರೆ ಸಣ್ಣ ಅಕ್ಷರ ಮಸುಕಾಗುತ್ತದೆ. ಪರದೆಯನ್ನೇ ಮೇಲೆ ಸರಿಸೋಣ ಅಂದರೆ ಅದರ ಮೇಲೆ ಸಂಘ ಕಟ್ಟಿದ ಹಿರಿಯರ ಫೋಟೋ ಇದೆ. ಅದನ್ನು ಮುಟ್ಟುವ ಹಾಗಿಲ್ಲ ಅಂತ ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಅಲ್ಲಿಗೆ 400 ಖಾಯಂ ಆಯಿತು.

ಬಿಚ್ಚಿದಾಗ ಕಂಡದ್ದು

ಚಕ್ರದ ಅಟ್ಟಣಿಗೆ ಹತ್ತಿ ಬಿಚ್ಚುವ ಮೊದಲು ಒಂದು ಕೆಲಸ ಮಾಡಿದೆ. ಫ್ಯಾನ್ ಆರಿಸಿ, ಪ್ಲೇಟಿಗೆ ಬೆರಳಿನಲ್ಲಿ ಒಂದು ಸಣ್ಣ ತಟ್ಟು ಕೊಟ್ಟು, ಅದು ತೂಗಾಡುವುದನ್ನು ಮೊಬೈಲ್‌ನ ಸ್ಲೋ ಮೋಷನ್‌ನಲ್ಲಿ ಹಿಡಿದೆ. ಸೆಕೆಂಡಿಗೆ 240 ಫ್ರೇಮ್ ಹಿಡಿಯುವ ಮೊಬೈಲ್. ಒಂದು ಸಲ ಆ ಕಡೆ ಹೋಗಿ ವಾಪಸ್ ಬರಲು ಸುಮಾರು 40 ಫ್ರೇಮ್ ಬೇಕಾಯಿತು. ಅಂದರೆ ಸೆಕೆಂಡಿಗೆ ಆರು ಸಲ.

ಈಗ ಫ್ಯಾನ್ ಲೆಕ್ಕ ನೋಡಿ. ಮಾಮೂಲಿ 1200 ಎಂಎಂ ಫ್ಯಾನ್ ಪೂರ್ತಿ ವೇಗದಲ್ಲಿ ನಿಮಿಷಕ್ಕೆ 350 ಸುತ್ತಿನ ಆಸುಪಾಸು ತಿರುಗುತ್ತದೆ. ಸೆಕೆಂಡಿಗೆ ಹೆಚ್ಚುಕಡಿಮೆ ಆರು. ಒಂದು ರೆಕ್ಕೆ ಸ್ವಲ್ಪ ಬಾಗಿದ್ದರೂ ಅದು ಪ್ರತಿ ಸುತ್ತಿಗೆ ಒಂದು ಸಲ ಸ್ಲ್ಯಾಬನ್ನು ಎಳೆಯುತ್ತದೆ. ಆ ಎಳೆತ ಬಹಳ ಸಣ್ಣದು, ಸ್ಲ್ಯಾಬ್‌ಗೆ ಲೆಕ್ಕಕ್ಕೇ ಇಲ್ಲ. ಆದರೆ ಜೋಕಾಲಿ ತೂಗುವವರಿಗೆ ಗೊತ್ತಿರುತ್ತದಲ್ಲ, ಸರಿಯಾದ ಹೊತ್ತಿಗೆ ಒಂದು ಬೆರಳು ತಾಗಿಸಿದರೂ ಸಾಕು, ಜೋಕಾಲಿ ಏರುತ್ತಾ ಹೋಗುತ್ತದೆ. ಇಲ್ಲಿ ಆದದ್ದು ಅದೇ. ಪ್ರೊಜೆಕ್ಟರ್ ತನ್ನಷ್ಟಕ್ಕೆ ತೂಗುವ ತಾಳವೂ ಫ್ಯಾನ್ ಐದರಲ್ಲಿ ತಿರುಗುವ ತಾಳವೂ ಒಂದೇ ಆಗಿಬಿಟ್ಟಿದ್ದವು. ರೆಗ್ಯುಲೇಟರ್ ಮೂರಕ್ಕೆ ಇಟ್ಟಾಗ ತಾಳ ತಪ್ಪುತ್ತಿತ್ತು, ಅದಕ್ಕೇ ನಡುಕ ಇರಲಿಲ್ಲ. ಫ್ಯಾನ್ ಬದಲಾಯಿಸಿ ಅಂತ ಅವರಿಗೆ ಮೊದಲು ಯಾರೋ ಹೇಳಿದ್ದರಂತೆ. ಬದಲಾಯಿಸಿದ್ದರೆ ಕೆಲವು ತಿಂಗಳು ಸರಿ ಇರುತ್ತಿತ್ತು, ಆಮೇಲೆ ಹೊಸ ಫ್ಯಾನ್ ರೆಕ್ಕೆಯೂ ಒಂದು ದಿನ ಬಾಗುತ್ತಿತ್ತು.

ಮುಂದೆ ಪ್ರೊಜೆಕ್ಟರ್ ಇಳಿಸಿ, ಬಟ್ಟೆ ಸುತ್ತಿ, ಪಕ್ಕದ ಕೋಣೆಗೆ ಕಳಿಸಿದೆ. ಕಾಂಕ್ರೀಟ್ ಕೊರೆಯುವ ಕೋಣೆಯಲ್ಲಿ ಪ್ರೊಜೆಕ್ಟರ್ ಇರಬಾರದು, ಪ್ಲಾಸ್ಟಿಕ್ ಹೊದಿಸಿದ್ದರೂ ಬೇಡ. ಆ ಧೂಳು ಫಿಲ್ಟರ್ ಒಳಗೆ ಕೂತರೆ ತೆಗೆಯುವುದು ದೊಡ್ಡ ರಗಳೆ.

ಬಲಗಡೆಯ ಎರಡು ರಾಡನ್ನು ಕೈಯಲ್ಲಿ ಅಲುಗಿಸಿದಾಗಲೇ ಗೊತ್ತಾಯಿತು. ಸುತ್ತಲಿನ ಗಾರೆ ವೃತ್ತಾಕಾರವಾಗಿ ಬಿರುಕು ಬಿಟ್ಟಿತ್ತು, ರಾಡ್ ತಿರುಗಿಸಿದರೆ ಅದರ ಜೊತೆ ಆಂಕರ್ ಕೂಡ ತಿರುಗುತ್ತಿತ್ತು. ನನ್ನ ಜೊತೆಗಿದ್ದ ಹುಡುಗ ಸುಮ್ನೆ ಒಂದು ಸಲ ಕೆಳಗೆ ಎಳೆದ. ಆಂಕರ್ ಕೈಗೇ ಬಂತು, ಜೊತೆಗೆ ಅಂಗೈಯಗಲದ ಗಾರೆ ಚಕ್ಕೆ. "ಅಣ್ಣಾ, ಇದು ಗಾರೇಲಿ ನೇತಾಡ್ತಿತ್ತು" ಅಂದ.

ಸರಿಯಾಗೇ ಹೇಳಿದ. ನಾವು ಬುಲೆಟ್ ಫಾಸ್ಟನರ್ ಅನ್ನುತ್ತೇವಲ್ಲ, ಒಳಗೆ ಥ್ರೆಡ್ ಇರುವ ಗಿಡ್ಡ ಕೊಳವೆ, ಅದರ ತಲೆಯೊಳಗೆ ಒಂದು ಸಣ್ಣ ಗುಂಡು ಇರುತ್ತದೆ. ಪಂಚ್ ಇಟ್ಟು ಹೊಡೆದರೆ ಗುಂಡು ಮೇಲಕ್ಕೆ ಸರಿದು ಕೊಳವೆಯ ತುದಿಯನ್ನು ಅಗಲಿಸುತ್ತದೆ, ಅಗಲವಾದ ತುದಿ ಕಾಂಕ್ರೀಟಿನ ಗೋಡೆಯನ್ನು ಒತ್ತಿ ಹಿಡಿಯುತ್ತದೆ. ಎಂಟು ಎಂಎಂ ರಾಡಿನದು 30 ಮಿಲಿಮೀಟರ್ ಉದ್ದ. ಆ ಮೂವತ್ತೂ ಕಾಂಕ್ರೀಟಿನಲ್ಲಿ ಇರಬೇಕು ಅನ್ನುವುದು ಅದರ ಲೆಕ್ಕ. ಇಲ್ಲಿ ಕಿತ್ತು ಬಂದ ಚಕ್ಕೆಯ ದಪ್ಪ ಅಳೆದರೆ 22 ಮಿಲಿಮೀಟರ್. ಅಂದರೆ ಕಾಂಕ್ರೀಟ್ ಒಳಗೆ ಹೋಗಿದ್ದು ಬರೀ 8. ಎಡಗಡೆ ಗಾರೆ 12 ಇತ್ತು, ಅಲ್ಲಿ 18 ಒಳಗೆ ಹೋಗಿತ್ತು, ಅದಕ್ಕೇ ಆ ಎರಡು ಅಲ್ಲಾಡಿರಲಿಲ್ಲ. ಸೆಂಟ್ರಿಂಗ್ ಹಲಗೆ ಒಂದು ಕಡೆ ತಗ್ಗಿದ್ದರೆ ಮೇಸ್ತ್ರಿ ಗಾರೆಯಲ್ಲೇ ಮಟ್ಟ ಮಾಡಿ ಮುಗಿಸುತ್ತಾನೆ. ಕೆಳಗಿನಿಂದ ನೋಡಿದರೆ ಎರಡೂ ಕಡೆ ಒಂದೇ ನುಣುಪು.

ಇನ್ನು ಚಿತ್ರ ಯಾಕೆ ವಾಲಿತು? ಬಲಗಡೆ ಎರಡೂ ಆಂಕರ್ ಸುಮಾರು 3 ಮಿಲಿಮೀಟರ್ ಜಾರಿದ್ದವು. 250 ಅಗಲಕ್ಕೆ 3 ಅಂದರೆ, 2660 ಅಗಲದ ಚಿತ್ರಕ್ಕೆ 32. ನಾನು ಬಿಚ್ಚುವ ಮೊದಲು ಪರದೆ ಮೇಲೆ ಟೇಪ್ ಹಿಡಿದು ನೋಡಿದ್ದೆ, 30ರ ಮೇಲೆ ಸ್ವಲ್ಪ ಇತ್ತು. ಲೆಕ್ಕ ಕೂಡಿ ಬಂತು. ಅಷ್ಟು ದಿನ ಆ ಪರದೆ ಮೇಲೆ ಬರೆದೇ ಇತ್ತು, ಮೇಲೆ ಎಷ್ಟು ಜಾರಿದೆ ಅಂತ. ಯಾರೂ ಓದಲಿಲ್ಲ ಅಷ್ಟೆ. ಹಾಕಿದವರು ಯಾರು ಅಂತ ನಾನು ಕೇಳಲಿಲ್ಲ, ಅವರು ಹೇಳಲೂ ಇಲ್ಲ.

ತೂಕದ ವಿಷಯ ಒಂದು ಮಾತು. 11 ಕೆಜಿ ನಾಲ್ಕು ಆಂಕರ್‌ಗೆ ಹಂಚಿದರೆ ತಲಾ ಮೂರು ಕೆಜಿಗಿಂತ ಸ್ವಲ್ಪ ಕಡಿಮೆ. ಸರಿಯಾಗಿ ಕೂತ ಆಂಕರ್‌ಗೆ ಇದು ಏನೂ ಅಲ್ಲ. ಹಾಗಾಗಿ ದಪ್ಪ ಆಂಕರ್ ಹಾಕಿದ್ದೀನಿ, ಬೀಳಲ್ಲ ಬಿಡಿ ಅಂತ ಯಾರಾದರೂ ಹೇಳಿದರೆ, ಅದು ಎಲ್ಲಿ ಕೂತಿದೆ ಅಂತ ಕೇಳಬೇಕು. ದಿನಕ್ಕೆ ಗಂಟೆಗಟ್ಟಲೆ ಸೆಕೆಂಡಿಗೆ ಆರು ಸಲ ಅಲುಗಿಸಿದರೆ ಗಾರೆಯಲ್ಲಿ ಕೂತ ಎಂಥ ಆಂಕರೂ ಸಡಿಲವಾಗುತ್ತದೆ. ನಡುಕ ಮತ್ತು ವಾಲಿದ್ದು ಎರಡು ರೋಗ ಅಂತ ನಾನು ಅಂದುಕೊಂಡು ಬಂದಿದ್ದೆ. ನೋಡಿದರೆ ಒಂದು ಇನ್ನೊಂದನ್ನು ಹೆತ್ತಿತ್ತು.

ಎಲ್ಲಿ ಕೊರೆಯುವುದು

ಹಳೆ ತೂತುಗಳನ್ನು ಮತ್ತೆ ಬಳಸುವ ಪ್ರಶ್ನೆಯೇ ಇಲ್ಲ. ಹಳೇದಕ್ಕೆ ಅಂಟಿಕೊಂಡು ಹೊಸದು ಕೊರೆಯುವುದೂ ತಪ್ಪು, ನಡುವಿನ ಕಾಂಕ್ರೀಟ್ ಸಿಡಿದುಹೋಗುತ್ತದೆ. ಬಿಟ್ಟ ತೂತು ಎಷ್ಟು ಆಳವೋ ಅದರ ಎರಡರಷ್ಟು ದೂರವಾದರೂ ಸರಿಯಬೇಕು. ನಾನು ಇಡೀ ಚೌಕವನ್ನೇ ಪರದೆಯ ಕಡೆಗೆ 100 ಮಿಲಿಮೀಟರ್ ಸರಿಸಿದೆ. ಜೂಮ್‌ನಲ್ಲಿ ಅದು ಸುಲಭವಾಗಿ ಹೊಂದಿಕೊಳ್ಳುತ್ತದೆ. ಲೆನ್ಸ್‌ನಿಂದ ಪರದೆಗೆ 4.2 ಮೀಟರ್ ಬಂತು, ಚಿತ್ರದ ಅಗಲದ 1.58ರಷ್ಟು. ಈ ಪ್ರೊಜೆಕ್ಟರ್ 1.32ರಿಂದ 2.14ರವರೆಗೆ ಒಪ್ಪುತ್ತದೆ.

ಅಡ್ಡ ಅಳತೆಯಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಗೋಡೆಯ ಮಧ್ಯ ಬೇಡ, ಪರದೆಯ ಮಧ್ಯ ಹಿಡಿಯಬೇಕು. ಆ ಗೆರೆಯ ಮೇಲೆ ಬರಬೇಕಾದ್ದು ಲೆನ್ಸ್, ಪ್ರೊಜೆಕ್ಟರಿನ ಡಬ್ಬಿಯ ಮಧ್ಯ ಅಲ್ಲ. ಇದರಲ್ಲಿ ಲೆನ್ಸ್ ಮಧ್ಯದಿಂದ 95 ಮಿಲಿಮೀಟರ್ ಪಕ್ಕಕ್ಕಿತ್ತು. ತಲೆಕೆಳಗೆ ಮಾಡಿದಾಗ ಆ ಪಕ್ಕ ಬೇರೆ ಪಕ್ಕವಾಗುತ್ತದೆ, ಹಾಗಾಗಿ ಮೇಜಿನ ಮೇಲೆ ಪ್ರೊಜೆಕ್ಟರನ್ನು ಅಂಗಾತ ಮಲಗಿಸಿ, ಬ್ರ್ಯಾಕೆಟ್ ಕೂರಿಸಿ, ಆಮೇಲೆ ಅಳೆದೆ. ನಂತರ ನೆಲದ ಮೇಲೆ ಸೀಮೆಸುಣ್ಣದಲ್ಲಿ ನಾಲ್ಕು ಗುರುತು ಮಾಡಿ, ತೂಕುಗುಂಡಿನಲ್ಲಿ ಅವನ್ನು ಸ್ಲ್ಯಾಬ್‌ಗೆ ಏರಿಸಿದೆವು. ಲೇಸರ್ ಇದ್ದರೆ ಐದು ನಿಮಿಷದ ಕೆಲಸ, ನಮ್ಮದರ ಸೆಲ್ ಮುಗಿದಿತ್ತು.

ಕೊರೆಯುವ ಮೊದಲು ಪೈಪ್ ಎಲ್ಲಿದೆ ಅಂತ ತಿಳಿಯಬೇಕು. ನಮ್ಮ ಕಡೆ ಫ್ಯಾನ್ ವೈರಿನ ಪೈಪನ್ನು ಸ್ಲ್ಯಾಬ್ ಹಾಕುವಾಗಲೇ ಒಳಗೆ ಹೂತಿರುತ್ತಾರೆ. ಅದು ನೇರವಾಗಿ ಹೋಗಿರುತ್ತದೆ ಅಂತ ಯಾವ ಖಾತ್ರಿಯೂ ಇಲ್ಲ, ಆದರೆ ಎಲ್ಲಿಂದ ಹೊರಡುತ್ತದೆ ಅನ್ನುವುದು ಗೊತ್ತಾಗುತ್ತದೆ. ಫ್ಯಾನಿನ ಬಟ್ಟಲು ಕೆಳಗೆ ಇಳಿಸಿ ಟಾರ್ಚ್ ಬಿಟ್ಟರೆ ಫ್ಯಾನ್ ಬಾಕ್ಸ್‌ಗೆ ಪೈಪ್ ಯಾವ ಬದಿಯಿಂದ ಬಂದು ಸೇರಿದೆ ಅಂತ ಕಾಣುತ್ತದೆ. ಇಲ್ಲಿ ಎರಡು ಪೈಪ್ ಇದ್ದವು, ಒಂದು ಬಾಗಿಲ ಕಡೆಯ ಸ್ವಿಚ್‌ಬೋರ್ಡ್‌ಗೆ, ಇನ್ನೊಂದು ಮುಂದಿನ ಫ್ಯಾನ್‌ಗೆ. ನಮ್ಮ ಚೌಕ ಎರಡರ ದಾರಿಯಲ್ಲೂ ಇರಲಿಲ್ಲ. ಆದರೂ ಮೇನ್ ಆರಿಸಿ, ಹೊರಗಿನ ವರಾಂಡದಿಂದ ವೈರ್ ಎಳೆದು ಡ್ರಿಲ್ ಹಾಕಿಕೊಂಡೆವು.

ಗಾರೆ ಕೆತ್ತಿ, ಕಾಂಕ್ರೀಟ್ ಹುಡುಕಿ

ನಾಲ್ಕು ಗುರುತಿನಲ್ಲೂ ಎರಡೂವರೆ ಇಂಚಿನ ಚೌಕದಷ್ಟು ಗಾರೆಯನ್ನು ಚಾಣದಲ್ಲಿ ಕೆತ್ತಿ ತೆಗೆದೆವು, ಒಳಗಿನ ಕಾಂಕ್ರೀಟ್ ಕಾಣುವವರೆಗೆ. ಕೆತ್ತುವಾಗಲೇ ವ್ಯತ್ಯಾಸ ತಿಳಿಯುತ್ತದೆ. ಗಾರೆ ಚಕ್ಕೆಚಕ್ಕೆಯಾಗಿ ಬರುತ್ತದೆ, ತಟ್ಟಿದರೆ ಸದ್ದು ಪೊಳ್ಳು. ಕಾಂಕ್ರೀಟ್ ಬಂದಾಗ ಚಾಣ ಜಿಗಿಯುತ್ತದೆ, ಜಲ್ಲಿ ಕಾಣುತ್ತದೆ. ಕಾರ್ಯದರ್ಶಿಗಳಿಗೆ ಸುಣ್ಣ ಬಳಿದ ಸೂರಿನಲ್ಲಿ ನಾಲ್ಕು ಗುಂಡಿ ನೋಡಿ ಹೊಟ್ಟೆ ಉರಿಯಿತು. ಕೊನೆಗೆ ಪುಟ್ಟಿ ತುಂಬಿ ಬಣ್ಣ ಬಳಿದು ಕೊಡ್ತೀನಿ ಯಜಮಾನರೇ ಅಂದ ಮೇಲೆ ಸುಮ್ಮನಾದರು.

ಈ ಸಲ ಹತ್ತು ಎಂಎಂ ರಾಡ್ ತಂದಿದ್ದೆ. ಅದಕ್ಕೆ ಬುಲೆಟ್ 40 ಮಿಲಿಮೀಟರ್ ಉದ್ದ, ತೂತು 12 ಎಂಎಂ. ನೇರವಾಗಿ 12ರ ಬಿಟ್ ಹಾಕಲಿಲ್ಲ, ಮೊದಲು 6 ಎಂಎಂನಲ್ಲಿ ಕೊರೆದು ನೋಡಿದೆ. ಸಣ್ಣ ತೂತಿನಲ್ಲಿ ಕಂಬಿ ಸಿಕ್ಕರೆ ನಷ್ಟ ಕಡಿಮೆ. ಮೂರನೇ ತೂತಿನಲ್ಲಿ ಸಿಕ್ಕೇಬಿಟ್ಟಿತು. 25 ಮಿಲಿಮೀಟರ್ ಒಳಗೆ ಹೋದ ಮೇಲೆ ಡ್ರಿಲ್ ಸದ್ದು ಬದಲಾಗಿ ಗಂಟೆ ಹೊಡೆದ ಹಾಗೆ ಟಣ್ ಅಂತು, ಬಿಟ್ ಮುಂದಕ್ಕೆ ಹೋಗಲೇ ಇಲ್ಲ, ಬೂದು ಪುಡಿಯಲ್ಲಿ ಮಿಣಮಿಣ ಹೊಳೆಯುವ ಚೂರು ಕಂಡಿತು. ಅಲ್ಲೇ ಬಲ ಹಾಕಿ ಕಂಬಿ ಕೊರೆಯುವವರನ್ನು ನೋಡಿದ್ದೇನೆ. ಆ ಕಂಬಿ ಸ್ಲ್ಯಾಬನ್ನು ಹಿಡಿದಿರುವುದು, ನಮ್ಮ ಪ್ರೊಜೆಕ್ಟರ್‌ಗೋಸ್ಕರ ಅದನ್ನು ಕಡಿಯುವ ಹಾಗಿಲ್ಲ. ಆಳ 25 ಇದ್ದಿದ್ದರಿಂದ 50ಕ್ಕೆ ಸರಿದರೆ ಸಾಕಿತ್ತು, ಆದರೆ ಪ್ಲೇಟಿನ ತೂತು ಹೊಂದಬೇಕಲ್ಲ, ನಾಲ್ಕನ್ನೂ ಒಟ್ಟಿಗೆ ಸರಿಸಿ ಮತ್ತೆ ಗುರುತು ಮಾಡಬೇಕಾಯಿತು. ಗಾರೆ ಕೆತ್ತಿದ ಗುಂಡಿಗಳು ಇನ್ನಷ್ಟು ಅಗಲವಾದವು. ಕಾರ್ಯದರ್ಶಿಗಳು ಆಗ ಟೀ ತರಿಸಲು ಹೊರಗೆ ಹೋಗಿದ್ದರು, ಪುಣ್ಯ.

ತಲೆ ಮೇಲೆ ಕೊರೆಯುವಾಗ ಧೂಳು ಕಣ್ಣಿಗೆ ಬೀಳುತ್ತದೆ, ಕನ್ನಡಕ ಬೇಕೇ ಬೇಕು. ನಾವು ನೀರಿನ ಬಾಟಲಿಯ ತಳ ಕತ್ತರಿಸಿ ಬಿಟ್‌ಗೆ ಚುಚ್ಚಿಕೊಳ್ಳುತ್ತೇವೆ, ಅರ್ಧಕ್ಕರ್ಧ ಧೂಳು ಅದರಲ್ಲೇ ನಿಲ್ಲುತ್ತದೆ. ಆಳಕ್ಕೆ ಬಿಟ್ ಮೇಲೆ ಟೇಪ್ ಸುತ್ತಿ ಗುರುತು. ಡ್ರಿಲ್ ನೆಟ್ಟಗೆ ಹಿಡಿಯಬೇಕು. ಕೈ ಅಲ್ಲಾಡಿದರೆ ತೂತಿನ ಬಾಯಿ ಅಗಲವಾಗಿ, ಆಂಕರ್ ಹಿಡಿಯದೆ ಸುತ್ತುತ್ತದೆ. ಕೊರೆದ ಮೇಲೆ ಬ್ರಷ್ ಹಾಕಿ ತಿರುಗಿಸಿ, ಪಂಪಿನಲ್ಲಿ ಊದಿ, ಮತ್ತೆ ಬ್ರಷ್, ಮತ್ತೆ ಊದು. ಪುಡಿ ಉಳಿದರೆ ಆಂಕರ್ ಹಿಡಿದುಕೊಳ್ಳುವುದು ಕಾಂಕ್ರೀಟನ್ನಲ್ಲ, ಪುಡಿಯನ್ನು.

ಬುಲೆಟ್ ಒಳಗೆ ತಳ್ಳಿ ಪಂಚ್ ಇಟ್ಟು ಹೊಡೆಯುವಾಗ ಎಲ್ಲಿ ನಿಲ್ಲಿಸಬೇಕು ಅನ್ನುವುದು ಮುಖ್ಯ. ಪಂಚ್‌ಗೆ ಒಂದು ಭುಜ ಇರುತ್ತದೆ. ಆ ಭುಜ ಬುಲೆಟ್‌ನ ಬಾಯಿಗೆ ಬಂದು ತಾಗಬೇಕು. ಅಲ್ಲಿಯವರೆಗೆ ಗುಂಡು ಪೂರ್ತಿ ಏರಿಲ್ಲ, ತುದಿ ಪೂರ್ತಿ ಅಗಲವಾಗಿಲ್ಲ. ಹುಡುಗ ಮೊದಲನೆಯದಕ್ಕೆ ನಾಲ್ಕು ಏಟು ಹಾಕಿ ಆಯ್ತು ಅಂದ. ನೋಡಿದರೆ ಭುಜಕ್ಕೂ ಬಾಯಿಗೂ ನಡುವೆ ಎರಡು ಮಿಲಿಮೀಟರ್ ಇನ್ನೂ ಇತ್ತು. ಕೈಯಲ್ಲಿ ಎಳೆದರೆ ಬರುವುದಿಲ್ಲ, ಗಟ್ಟಿ ಅನ್ನಿಸುತ್ತದೆ, ಅದೇ ಮೋಸ. ಇನ್ನೂ ಐದಾರು ಏಟು ಹಾಕಿದ ಮೇಲೆ ಸದ್ದು ಗಟ್ಟಿಯಾಗಿ ಬಂತು, ಭುಜ ಕೂತಿತು.

ರಾಡ್ 1 ಮೀಟರ್ ಉದ್ದದ್ದು ಸಿಗುತ್ತದೆ, 450ರಂತೆ ಒಂದರಲ್ಲಿ ಎರಡು. ಕತ್ತರಿಸುವ ಮೊದಲು ಒಂದು ನಟ್ ಹಾಕಿ ಒಳಗೆ ತಿರುಗಿಸಿಟ್ಟುಕೊಳ್ಳಬೇಕು. ಗರಗಸದಿಂದ ಕೊಯ್ದ ಮೇಲೆ ಆ ನಟ್ ಹೊರಗೆ ತೆಗೆದರೆ ಮುರಿದ ಥ್ರೆಡ್ ತಾನೇ ಸರಿಯಾಗುತ್ತದೆ. ಇನ್ನೊಂದು ತುದಿಯಲ್ಲಿ 15 ಮಿಲಿಮೀಟರ್‌ಗೆ ಪೆನ್ ಗುರುತು ಮಾಡಿದೆ, ಅಷ್ಟು ಬುಲೆಟ್ ಒಳಗೆ ಹೋಗಲೇಬೇಕು. ಕೆಳಗಿನಿಂದ ನೋಡಿದರೆ ಮೂರೇ ಸುತ್ತು ಹಿಡಿದಿದ್ದರೂ ಪೂರ್ತಿ ಹಿಡಿದ ಹಾಗೇ ಕಾಣುತ್ತದೆ.

ಆಮೇಲೆ ಪರೀಕ್ಷೆ. 50 ಕೆಜಿ ಮರಳಿನ ಚೀಲ ಒಂದನ್ನು ಅಟ್ಟಣಿಗೆ ಹಲಗೆಯ ಮೇಲೆ ಸ್ಟೂಲಿನಲ್ಲಿಟ್ಟು, ಒಂದು ರಾಡಿಗೆ ಹಗ್ಗ ಬಿಗಿದು, ಸ್ಟೂಲ್ ಎಳೆದೆವು. ಚೀಲ ಹಲಗೆಯಿಂದ ಒಂದಡಿ ಮೇಲೆ ತೂಗಿತು. ಕಿತ್ತು ಬಂದರೂ ಬೀಳುವುದು ಒಂದೇ ಅಡಿ. ಒಂದೊಂದು ರಾಡಿಗೂ ಅರ್ಧ ಗಂಟೆ, ಮೊದಲು ಮತ್ತು ಕೊನೆಗೆ ಕಾಂಕ್ರೀಟಿನಿಂದ ರಾಡಿನ ತುದಿಗೆ ಸ್ಟೀಲ್ ಸ್ಕೇಲ್ ಹಿಡಿದು ಅಳತೆ. ಮೂರು ಕೆಜಿ ಹೊರಬೇಕಾದ ರಾಡು ಐವತ್ತು ಹೊತ್ತು ಕದಲದಿದ್ದರೆ ನನಗೆ ನಿದ್ದೆ ಬರುತ್ತದೆ. ನಾಲ್ಕೂ ಕದಲಲಿಲ್ಲ. ಎರಡು ಗಂಟೆ ಹಾಳು ಅಂತ ಹುಡುಗನಿಗೆ ಬೇಜಾರು, ಮೊಬೈಲ್ ನೋಡುತ್ತಾ ಕೂತ.

ಒಂದು ಸುತ್ತಿಗೆ ಹದಿನಾರು ಮಿಲಿಮೀಟರ್

ಮಟ್ಟ ಮಾಡುವುದಕ್ಕೆ ಮೊದಲು ಪರದೆಯ ಮಟ್ಟ ನೋಡಿದೆ. ಪರದೆಯೇ ಎಡಕ್ಕೆ 8 ಮಿಲಿಮೀಟರ್ ತಗ್ಗಿತ್ತು. ಅದನ್ನು ಬಿಟ್ಟು ಪ್ಲೇಟನ್ನು ರಸಮಟ್ಟಕ್ಕೆ ಸರಿಮಾಡಿದ್ದರೆ ಚಿತ್ರ ಮಟ್ಟವಾಗಿದ್ದರೂ ಕಪ್ಪು ಅಂಚಿನೊಳಗೆ ಸೊಟ್ಟ ಕಾಣುತ್ತಿತ್ತು, ಬೈಗುಳ ನನಗೇ ಬರುತ್ತಿತ್ತು. ಪರದೆಯ ಕೊಕ್ಕೆ ಸರಿಮಾಡಿಸಿದೆ.

ಪ್ಲೇಟಿನ ಮೇಲೊಂದು ಕೆಳಗೊಂದು, ಪ್ರತಿ ರಾಡಿಗೂ ಎರಡು ನಟ್, ಎರಡು ಅಗಲ ವಾಷರ್. ಮೊದಲು ಕೆಳಗಿನ ನಾಲ್ಕೂ ನಟ್‌ಗಳನ್ನು ನೀರಿನ ಪೈಪ್ ಹಿಡಿದು ಒಂದೇ ಎತ್ತರಕ್ಕೆ ತಂದು ಪ್ಲೇಟ್ ಕೂರಿಸಿದೆ. ಸ್ಲ್ಯಾಬ್‌ನಿಂದ ಅಳೆಯಬಾರದು, ಸ್ಲ್ಯಾಬೇ ಮಟ್ಟವಾಗಿರುವುದಿಲ್ಲ. ಆಮೇಲೆ ರಸಮಟ್ಟ ಇಟ್ಟು ನೋಡುವಾಗ, ನಾಲ್ಕು ಕಾಲಿನ ಮೇಜು ಹೇಗೆ ಯಾವಾಗಲೂ ಒಂದು ಕಾಲು ಎತ್ತಿಕೊಳ್ಳುತ್ತದೋ ಹಾಗೆ ಇಲ್ಲೂ ಒಂದು ನಟ್ ಸಡಿಲವಾಗೇ ಉಳಿಯುತ್ತದೆ. ಅದನ್ನು ಮೊದಲು ಪೂರ್ತಿ ಕೆಳಗೆ ಇಳಿಸಿಬಿಟ್ಟು, ಮೂರರಲ್ಲೇ ಮಟ್ಟ ಮಾಡಿ, ಕೊನೆಗೆ ಬೆರಳಿನಲ್ಲಿ ತಿರುಗಿಸಿ ಪ್ಲೇಟಿಗೆ ತಾಗಿಸಿದರೆ ಸಾಕು. ನಾಲ್ಕನ್ನೂ ಒಟ್ಟಿಗೆ ಆಡಿಸಲು ಹೋದರೆ ಸಂಜೆಯಾದರೂ ಮುಗಿಯುವುದಿಲ್ಲ.

ಹತ್ತು ಎಂಎಂ ರಾಡಿನಲ್ಲಿ ನಟ್ ಒಂದು ಸುತ್ತು ತಿರುಗಿದರೆ 1.5 ಮಿಲಿಮೀಟರ್ ಏರುತ್ತದೆ. ಒಂದು ಬದಿಯ ಎರಡು ನಟ್‌ಗಳನ್ನು ಒಂದೊಂದು ಸುತ್ತು ತಿರುಗಿಸಿದರೆ ಪರದೆ ಮೇಲೆ ಚಿತ್ರದ ಆ ಬದಿ ಈ ಬದಿಗಿಂತ 16 ಮಿಲಿಮೀಟರ್ ಏರುತ್ತದೆ. ನಟ್‌ಗೆ ಆರು ಮುಖ, ಒಂದು ಮುಖ ತಿರುಗಿಸಿದರೆ ಎರಡೂಮುಕ್ಕಾಲಿನ ಹತ್ತಿರ. ಇದು ತಲೆಯಲ್ಲಿದ್ದರೆ ಕೆಲಸ ಸಲೀಸು. ಪ್ರೊಜೆಕ್ಟರ್ ಹಾಕಿ ಚೌಕುಳಿ ಚಿತ್ರ ಬಿಟ್ಟಾಗ ಎಡಗಡೆ 5 ತಗ್ಗಿತ್ತು. ಎಡದ ಎರಡಕ್ಕೂ ಎರಡೆರಡು ಮುಖ ಅಂದೆ, ಹುಡುಗ ಮೇಲಿಂದ ತಿರುಗಿಸಿದ, ಕೂತಿತು. ಬ್ರ್ಯಾಕೆಟ್‌ನಲ್ಲೂ ಮಟ್ಟ ಮಾಡುವ ತಿರುಪು ಇರುತ್ತದೆ, ಆದರೆ ಅದರ ಅರ್ಧವನ್ನು ಪ್ಲೇಟಿನ ತಪ್ಪು ಮುಚ್ಚಲು ಖರ್ಚು ಮಾಡಿದರೆ ಮುಂದೆ ಬೇಕಾದಾಗ ಇರುವುದಿಲ್ಲ.

ನಡುಕ

ಎಂಟರ ರಾಡಿನಿಂದ ಹತ್ತಕ್ಕೆ ಹೋದರೆ ಬಾಗದಿರುವ ಬಲ ಸುಮಾರು ಎರಡೂವರೆ ಪಟ್ಟು ಏರುತ್ತದೆ, ಯಾಕೆಂದರೆ ದಪ್ಪದ ನಾಲ್ಕನೇ ಘಾತದ ಲೆಕ್ಕ ಅದು. ಕಾಂಕ್ರೀಟಿಗೆ ತಾಗುವ ಹಾಗೆ ಒಂದೊಂದು ವಾಷರ್ ಮತ್ತು ನಟ್ ಹಾಕಿ ಹದವಾಗಿ ಬಿಗಿದೆ, ರಾಡಿನ ಬೇರು ಅಲ್ಲಾಡದಿರಲಿ ಅಂತ. ಜಾಸ್ತಿ ಬಿಗಿದರೆ ಅದೇ ನಟ್ ಬುಲೆಟನ್ನು ಕೆಳಕ್ಕೆ ಎಳೆಯುತ್ತದೆ. ಮತ್ತೆ ಬೆರಳು ತಟ್ಟಿ ಮೊಬೈಲ್ ಹಿಡಿದೆ. ಈಗ ಸೆಕೆಂಡಿಗೆ ಎಂಟರ ಹತ್ತಿರ. ಫ್ಯಾನಿನ ತಾಳದಿಂದ ದೂರ ಸರಿದಿತ್ತು, ಆದರೆ ಬಹಳ ದೂರ ಅಲ್ಲ. ಫ್ಯಾನ್ ಐದಕ್ಕೆ ಇಟ್ಟರೆ ಅಕ್ಷರ ಓದಬಹುದಿತ್ತು, ಅಂಚು ಮಾತ್ರ ಇನ್ನೂ ಮಂಜು.

ಹಾಗಾಗಿ 25 ಅಗಲ 3 ದಪ್ಪದ ಕಬ್ಬಿಣದ ಪಟ್ಟಿಯನ್ನು ರಾಡಿನಿಂದ ರಾಡಿಗೆ ಓರೆಯಾಗಿ ಕಟ್ಟಿದೆವು, ಒಂದು ರಾಡಿನ ಮೇಲ್ತುದಿಯಿಂದ ಪಕ್ಕದ ರಾಡಿನ ಕೆಳತುದಿಗೆ, ಎರಡು ನಟ್ ನಡುವೆ ಬಿಗಿದು. ಮೊದಲು ಎರಡು ಮುಖಕ್ಕೆ ಹಾಕಿದೆ, ಎಡಗಡೆ ಒಂದು, ಮುಂದುಗಡೆ ಒಂದು. ಹಿಂದೆ ಮುಂದೆ ತೂಗುವುದು ನಿಂತಿತು, ಪಕ್ಕಕ್ಕೆ ತೂಗುವುದೂ ನಿಂತಿತು. ಚಿತ್ರ ಮಾತ್ರ ಅಡ್ಡಡ್ಡ ಒಂದಿಷ್ಟು ಕಂಪಿಸುತ್ತಲೇ ಇತ್ತು. ತಲೆ ಕೆರೆದುಕೊಂಡೆ. ಪ್ಲೇಟನ್ನು ಎರಡೂ ಕೈಯಲ್ಲಿ ಹಿಡಿದು ಸ್ಟಿಯರಿಂಗ್ ತಿರುಗಿಸಿದ ಹಾಗೆ ತಿರುಗಿಸಿ ನೋಡಿದಾಗ ಹೊಳೆಯಿತು. ಎರಡೂ ಪಟ್ಟಿ ಎಡ ಮುಂದಿನ ಮೂಲೆಯಲ್ಲಿ ಸೇರುತ್ತವೆ. ಆ ಮೂಲೆಯನ್ನೇ ಕದದ ಕೀಲು ಮಾಡಿಕೊಂಡು ಪ್ಲೇಟ್ ತಿರುಗಲು ಏನೂ ಅಡ್ಡಿ ಇಲ್ಲ. ತೂಗಾಟಕ್ಕಿಂತ ಈ ತಿರುಗಾಟವೇ ಪರದೆ ಮೇಲೆ ಕೆಟ್ಟದಾಗಿ ಕಾಣುವುದು. ಪ್ರೊಜೆಕ್ಟರ್ ಪಕ್ಕಕ್ಕೆ ಒಂದು ಮಿಲಿಮೀಟರ್ ಸರಿದರೆ ಚಿತ್ರವೂ ಒಂದೇ ಮಿಲಿಮೀಟರ್ ಸರಿಯುತ್ತದೆ, ಆದರೆ ಒಂದು ಡಿಗ್ರಿಯ ಹತ್ತನೇ ಒಂದು ಭಾಗ ತಿರುಗಿದರೂ 4.2 ಮೀಟರ್ ಆಚೆ ಅದು 7 ಮಿಲಿಮೀಟರ್.

ಹಿಂದುಗಡೆ ಮೂರನೇ ಪಟ್ಟಿ ಹಾಕಿದೆ. ಅದು ಆ ಮೂಲೆಯನ್ನು ಮುಟ್ಟುವುದಿಲ್ಲ, ಹಾಗಾಗಿ ಕೀಲು ಬೀಗ ಬಿತ್ತು. ತಟ್ಟಿದರೆ ಎಣಿಸುವುದಕ್ಕೂ ಆಗದಷ್ಟು ಬೇಗ ನಿಲ್ಲುತ್ತಿತ್ತು. ಫ್ಯಾನ್ ಐದು. ಅಕ್ಷರ ನಿಂತಿತ್ತು.

ಉಳಿದದ್ದು ಚಿಲ್ಲರೆ ಕೆಲಸ. ಎಲ್ಲ ನಟ್‌ಗೂ ಲಾಕ್ ನಟ್. ಐದನೇ ಬುಲೆಟ್ ಬೇರೆಯಾಗಿ ಹಾಕಿ, ಅದರಿಂದ 3 ಎಂಎಂ ಸ್ಟೀಲ್ ವೈರ್ ರೋಪ್ ಇಳಿಸಿ ನೇರವಾಗಿ ಪ್ರೊಜೆಕ್ಟರಿನ ಬ್ರ್ಯಾಕೆಟ್‌ಗೆ ಕಟ್ಟಿದೆ, ಸಡಿಲ ಜಾಸ್ತಿ ಇಲ್ಲದಂತೆ. ಅದನ್ನು ಅದೇ ನಾಲ್ಕು ರಾಡಿಗೆ ಕಟ್ಟಿದರೆ ಕಟ್ಟಿದ್ದೂ ಒಂದೇ ಬಿಟ್ಟಿದ್ದೂ ಒಂದೇ. ಗುಂಡಿಗಳಿಗೆ ಪುಟ್ಟಿ ತುಂಬಿ ಬಣ್ಣ ಬಳಿದು ಕೊಟ್ಟೆ, ಬಣ್ಣ ಸ್ವಲ್ಪ ಬೇರೆಯಾಗಿಯೇ ಕಾಣುತ್ತದೆ.

ಹೊರಡುವ ಮೊದಲು ಪರದೆಯ ಕಪ್ಪು ಅಂಚಿನ ನಾಲ್ಕು ಮೂಲೆಯಲ್ಲಿ ಕಾಗದದ ಟೇಪ್ ಅಂಟಿಸಿ, ಚೌಕುಳಿ ಚಿತ್ರದ ಮೂಲೆ ಎಲ್ಲಿ ಬೀಳುತ್ತದೋ ಅಲ್ಲಿ ಪೆನ್ಸಿಲ್ ಗೆರೆ ಎಳೆದು ತಾರೀಕು ಬರೆದೆ. ತಿಂಗಳಿಗೊಮ್ಮೆ ಅದೇ ಚಿತ್ರ ಬಿಟ್ಟು ನೋಡಿ, ಒಂದು ಬದಿ ಐದು ಮಿಲಿಮೀಟರ್ ಸರಿದಿದ್ದರೂ ಕೆಳಗಿನ ಕುರ್ಚಿ ಖಾಲಿ ಮಾಡಿ ನನಗೆ ಫೋನ್ ಮಾಡಿ ಅಂತ ಹೇಳಿದ್ದೆ. ಮೊದಲ ತಿಂಗಳು ಅವರೇ ಫೋಟೋ ಕಳಿಸಿದರು. ಗೆರೆಯ ಮೇಲೆ ಗೆರೆ. ಕೆಳಗೆ ಒಂದು ಸಾಲು ಬರೆದಿದ್ದರು: "ಈಗ ಫ್ಯಾನ್ ಕಟಕಟ ಅಂತಿದೆ ಸರ್, ಅದನ್ನೂ ನೀವೇ ನೋಡ್ತೀರಾ?"